ಜರ್ಸಿ ಮೇಲೆ ಅಂಗಡಿ ಲೋಗೋ: ಈ ಪತ್ರ ಕೊಟ್ಟರೆ ಸಾವ್ಕಾರ್ರು ಒಪ್ಪುತ್ತಾರಾ?

ಸ್ಕೋರ್ ಬುಕ್

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಮ್ಮದೊಂದು ಸಣ್ಣ ಕ್ಲಬ್ ಇದೆ. ಹದಿನೆಂಟು ಹುಡುಗರು. ಲೆದರ್ ಬಾಲ್ ಕಡಿಮೆ, ಟೆನಿಸ್ ಬಾಲ್ ಜಾಸ್ತಿ. ತೊಗರಿ ರಾಶಿ ಮುಗಿದ ಮೇಲೆ, ಜನವರಿಯಿಂದ ಮಾರ್ಚ್ ತನಕ, ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿ ಟೂರ್ನಮೆಂಟ್‌ಗಳಿಗೆ ಹೋಗುತ್ತೇವೆ. ಹೋದ ವರ್ಷ ಒಬ್ಬೊಬ್ಬರು ಒಂದೊಂದು ಬಣ್ಣದ ಟೀ ಶರ್ಟ್ ಹಾಕಿಕೊಂಡು ಆಡಿದೆವು. ಮೈಕ್ ಹಿಡಿದವನು ನಮ್ಮನ್ನು "ಹೋಳಿ ಹುಣ್ಣಿಮೆ ತಂಡ" ಅಂತ ಕರೆದ. ಸಾಕಾಗಿ ಹೋಯಿತು.

ಗಂಜ್ ಹತ್ತಿರ ಒಂದು ಪೈಪು, ಮೋಟಾರು ಅಂಗಡಿ ಇದೆ. ಅವರಿಗೆ ಪ್ರಾಯೋಜಕತ್ವ ಕೇಳಿ ಪತ್ರ ಬರೆದಿದ್ದೇನೆ. ಸೋಮವಾರ ಕೊಡಬೇಕು. ಇದು ಅದರ ಮುಖ್ಯ ಭಾಗ:

"ಕ್ರೀಡಾಪ್ರೇಮಿಗಳೂ ಉದಾರ ದಾನಿಗಳೂ ಆದ ತಮ್ಮಲ್ಲಿ ವಿನಂತಿಸುವುದೇನೆಂದರೆ, ನಮ್ಮ ಕ್ಲಬ್ ಈ ಭಾಗದ ಯುವಕರಲ್ಲಿ ಕ್ರೀಡಾ ಮನೋಭಾವ ಬೆಳೆಸುತ್ತಾ ಬಂದಿದೆ. ತಾವು ದಯಮಾಡಿ ನಮ್ಮ ತಂಡಕ್ಕೆ ರೂ. 50,000 ಸಹಾಯಧನ ನೀಡಿ ಪ್ರೋತ್ಸಾಹಿಸಬೇಕು. ಪ್ರತಿಯಾಗಿ ಜರ್ಸಿಯ ಎದೆಯ ಮೇಲೆ ತಮ್ಮ ಅಂಗಡಿಯ ಲೋಗೋ ಹಾಕಿ, ವರ್ಷವಿಡೀ ಎಲ್ಲಾ ಪಂದ್ಯಗಳಲ್ಲಿ ಧರಿಸುತ್ತೇವೆ. ಸಾವಿರಾರು ಜನರಿಗೆ ತಮ್ಮ ಪ್ರಚಾರವಾಗುತ್ತದೆ."

ಕೆಳಗೆ ಪ್ಲಾಟಿನಂ 50,000, ಗೋಲ್ಡ್ 30,000, ಸಿಲ್ವರ್ 15,000 ಅಂತ ಮೂರು ಪ್ಯಾಕೇಜ್ ಹಾಕಿದ್ದೇನೆ. ತಪ್ಪಿದ್ದರೆ ಹೇಳಿ, ಬೇಜಾರಿಲ್ಲ.

ಡಿಸೈನ್ ಅಡ್ಡಾ

ಬ್ರೋ, ಲೋಗೋ ನಾನು ಮಾಡಿಕೊಡುತ್ತೇನೆ. ಹುಲಿ, ಸಿಂಹ, ಹದ್ದು ಯಾವುದಾದರೂ ಸರಿ. 500 ರೂಪಾಯಿ, ಮೂರು ಸ್ಯಾಂಪಲ್.

ಸ್ಕೋರ್ ಬುಕ್

ಅಣ್ಣಾ, ಲೋಗೋ ನಮ್ಮದಲ್ಲ, ಅಂಗಡಿಯದು. ಅದು ಅವರ ಹತ್ತಿರ ಇರುತ್ತೆ. ನಾನು ಕೇಳಿದ್ದು ಪತ್ರದ ಬಗ್ಗೆ.

ಆಲ್‌ರೌಂಡರ್ 07

ಪತ್ರ ಸೂಪರ್ ಇದೆ. ಒಂದು ಸಾಲು ಸೇರಿಸಿ: "ಈ ಹಣಕ್ಕೆ 80ಜಿ ಅಡಿ ತೆರಿಗೆ ವಿನಾಯಿತಿ ಸಿಗುತ್ತದೆ." ವ್ಯಾಪಾರಿಗಳಿಗೆ ಅದೊಂದೇ ಬೇಕಾಗಿರುವುದು. ನಮ್ಮ ಮಾವ ದೇವಸ್ಥಾನಕ್ಕೆ ಕೊಟ್ಟಾಗ ಅರ್ಧ ಬಿಟ್ಟಿದ್ದಾರೆ. ಸ್ಪೋರ್ಟ್ಸ್‌ಗೆ ಪೂರ್ತಿ ಬಿಡುತ್ತಾರೆ.

ಗಂಜ್ ಕಾಕಾ

ತಮ್ಮಾ, ನಾನೂ ಗಂಜ್‌ನಲ್ಲೇ ಹಾರ್ಡ್‌ವೇರ್ ಅಂಗಡಿ ಇಟ್ಟವ. ಗಣಪತಿ, ಜಾತ್ರೆ, ಉರುಸು, ಜಯಂತಿ, ಟೂರ್ನಮೆಂಟ್ ಅಂತ ವರ್ಷಕ್ಕೆ ಎಷ್ಟು ಪತ್ರ ಬರುತ್ತವೆ ಗೊತ್ತಾ? ಗಲ್ಲಾ ಪೆಟ್ಟಿಗೆ ಕೆಳಗಿನ ಖಾನೆ ಅವಕ್ಕೇ ಇಟ್ಟಿದ್ದೇನೆ. ನಿನ್ನ ಪತ್ರದಲ್ಲಿ "ಉದಾರ ದಾನಿ" ಅಂತ ಓದಿದ ಕೂಡಲೇ ನನ್ನ ಕೈ 501 ರೂಪಾಯಿ ಕಡೆ ಹೋಗುತ್ತದೆ. ಚಂದಾ ಪಟ್ಟಿ ಎತ್ತಲಿಕ್ಕೆ ಬಂದವರಿಗೆ ಅಷ್ಟೇ ಕೊಡುವುದು, ರಸೀದಿ ಹರಿಸಿಕೊಳ್ಳುವುದು, ಕಳಿಸುವುದು.

ನೀನು ಕೇಳುತ್ತಿರುವುದು ಪಟ್ಟಿ ಅಲ್ಲ. ನೀನು ಜಾಗ ಮಾರಲಿಕ್ಕೆ ಬಂದಿದ್ದೀಯ. ಗೋಡೆ ಬಾಡಿಗೆಗೆ ಕೊಡುವವನು "ದಯಮಾಡಿ" ಅಂತ ಬರೆಯುತ್ತಾನಾ?

ಇನ್ನೊಂದು, ನೇರವಾಗಿ ಕೇಳುತ್ತೇನೆ. ನಮ್ಮ ಕಡೆ ಪೈಪು, ಮೋಟಾರು ಅಂಗಡಿಯವರು ಹಳ್ಳಿ ಗೋಡೆ ಮೇಲೆ ಹೆಸರು ಬರೆಸುತ್ತಾರೆ. ಒಮ್ಮೆ ಬರೆಸಿದರೆ ಎರಡು ಮಳೆಗಾಲ ಇರುತ್ತದೆ. ನಿನ್ನ 50,000ದಲ್ಲಿ ಎಷ್ಟು ಹಳ್ಳಿ ಗೋಡೆ ಬರೆಸಬಹುದು? ಅದನ್ನು ಬಿಟ್ಟು ನಿನ್ನ ಜರ್ಸಿಗೆ ಯಾಕೆ ಕೊಡಬೇಕು? ಇದಕ್ಕೆ ಉತ್ತರ ಪತ್ರದಲ್ಲಿ ಇಲ್ಲ.

ಸ್ಕೋರ್ ಬುಕ್

ಕಾಕಾ, ಚುರುಕ್ ಅಂತು. ಆದರೆ ಪ್ರಶ್ನೆ ಸರಿ ಇದೆ. ನಾನು ಉತ್ತರ ಯೋಚಿಸಿಯೇ ಇರಲಿಲ್ಲ.

ಲೆಕ್ಕದವ

ಆಲ್‌ರೌಂಡರ್ ಅವರ ಸಾಲನ್ನು ದಯವಿಟ್ಟು ಪತ್ರದಲ್ಲಿ ಹಾಕಬೇಡಿ. 80ಜಿ ಅನ್ನುವುದು ಇದೆ, ಸುಳ್ಳಲ್ಲ. ಆದರೆ ಹಣ ಪಡೆಯುವ ಸಂಸ್ಥೆ ಅದಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಅನುಮೋದನೆ ಪಡೆದಿರಬೇಕು. ಬರೀ ಸಂಘ ಅಂತ ನೋಂದಣಿ ಮಾಡಿಸಿದರೆ ಸಾಲದು. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಲೆಕ್ಕಕ್ಕೆ ಬರಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಅದು ಇಲ್ಲವೇ ಇಲ್ಲ. ಎಲ್ಲಕ್ಕಿಂತ ದೊಡ್ಡದು, ಬದಲಿಗೆ ಲೋಗೋ ಹಾಕುತ್ತೀರಿ ಅಂದ ಮೇಲೆ ಅದು ದಾನ ಹೇಗಾಗುತ್ತೆ?

ಅಂಗಡಿಯವರಿಗೆ ಅದರ ಅಗತ್ಯವೂ ಇಲ್ಲ. ಇದು ಜಾಹೀರಾತು ಖರ್ಚು. ವ್ಯಾಪಾರಕ್ಕೆ ಮಾಡಿದ ಖರ್ಚು ಅಂತ ಪೂರ್ತಿ ಮೊತ್ತ ಲಾಭದಿಂದ ಕಳೆಯಬಹುದು. ಆದರೆ ಕಾಗದ ಸರಿ ಇರಬೇಕು. ನಿಮ್ಮ ರಸೀದಿಯಲ್ಲಿ "ದೇಣಿಗೆ" ಅಂತ ಬರೆದುಕೊಟ್ಟರೆ ಅವರ ಲೆಕ್ಕಪರಿಶೋಧಕರು ತಲೆ ಕೆರೆದುಕೊಳ್ಳುತ್ತಾರೆ. "ಜರ್ಸಿ ಮೇಲೆ ಜಾಹೀರಾತಿಗಾಗಿ, ಈ ತಿಂಗಳಿಂದ ಈ ತಿಂಗಳವರೆಗೆ" ಅಂತ ಬರೆಯಿರಿ. ಒಂದು ದಿನದಲ್ಲಿ ಒಬ್ಬರಿಗೆ 10,000 ದಾಟಿ ನಗದು ಕೊಟ್ಟರೆ ಆ ಖರ್ಚನ್ನು ಹಿಡಿಯಲ್ಲ. ಹಾಗಾಗಿ ಚೆಕ್ ಅಥವಾ ಯುಪಿಐ. ಅದೂ ಕ್ಲಬ್ ಹೆಸರಿನ ಖಾತೆಗೆ. ಕಾರ್ಯದರ್ಶಿಯ ಫೋನ್ ನಂಬರಿಗೆ ಹಾಕಿಸಿಕೊಂಡರೆ ನಾಳೆ ನಿಮ್ಮ ಹುಡುಗರೇ ನಿಮ್ಮನ್ನು ಕೇಳುತ್ತಾರೆ.

ಆಲ್‌ರೌಂಡರ್ 07

ಮಾವನ ದೇವಸ್ಥಾನಕ್ಕೆ ಆ ಅನುಮೋದನೆ ಇದ್ದಿರಬೇಕು ಹಂಗಾದ್ರೆ. ಸರಿ ಸರ್, ವಾಪಸ್ ತಗೊಂಡೆ. ಜಿಎಸ್‌ಟಿ ಏನೂ ಬರಲ್ಲ ಅಲ್ವಾ? ಕ್ಲಬ್ ಸಣ್ಣದು.

ಲೆಕ್ಕದವ

ಕ್ಲಬ್‌ಗೆ ಬರಲ್ಲ, ಅಂಗಡಿಗೆ ಬರಬಹುದು. ಇಲ್ಲೇ ಬಹಳ ಜನ ಎಡವುತ್ತಾರೆ. ಅಂಗಡಿ ಒಬ್ಬರ ಹೆಸರಲ್ಲಿದ್ದರೆ ಚಿಂತೆಯಿಲ್ಲ. ಅಣ್ಣ ತಮ್ಮ ಸೇರಿ ಪಾಲುದಾರಿಕೆ ಫರ್ಮ್ ಮಾಡಿಕೊಂಡಿದ್ದರೆ, ಪ್ರಾಯೋಜಕತ್ವದ ಮೇಲಿನ 18% ಜಿಎಸ್‌ಟಿಯನ್ನು ಹಣ ಕೊಟ್ಟ ಫರ್ಮೇ ನೇರವಾಗಿ ಕಟ್ಟಬೇಕು. ಉದಾಹರಣೆಗೆ 25,000 ಕೊಟ್ಟರೆ 4,500. ಸಾಮಾನ್ಯವಾಗಿ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಮ್ಮ ಮಾರಾಟದ ಜಿಎಸ್‌ಟಿಯಲ್ಲಿ ಕಳೆದು, ಹಿಂದಕ್ಕೆ ಪಡೆಯುತ್ತಾರೆ, ನಷ್ಟವಿಲ್ಲ. ಆದರೆ ಮೊದಲೇ ಗೊತ್ತಿರಬೇಕು. ಗಂಜ್‌ನಲ್ಲಿ ಪಾಲುದಾರಿಕೆ ಅಂಗಡಿ ಕಡಿಮೆ ಏನಿಲ್ಲ. ಬೋರ್ಡಿನ ಮೇಲೆ "ಅಂಡ್ ಸನ್ಸ್", "ಬ್ರದರ್ಸ್" ಅಂತ ಇದ್ದರೆ ಒಮ್ಮೆ ಕೇಳಿ ನೋಡಿ.

ಬೀದರ್ ಕೋಟೆ

ನನ್ನ ಕಥೆ ಕೇಳಿ. ಮೂರು ವರ್ಷದ ಹಿಂದೆ ಬೀದರ್‌ನಲ್ಲಿ ನಮ್ಮ ತಂಡಕ್ಕೆ ಒಬ್ಬ ಮೊಬೈಲ್ ಅಂಗಡಿಯವರು 20,000 ಕೊಟ್ಟರು. ನಾವೂ ಇದೇ ಸಾಲು ಬರೆದಿದ್ದೆವು: "ಎಲ್ಲಾ ಪಂದ್ಯಗಳಲ್ಲಿ ಧರಿಸುತ್ತೇವೆ." ಮೊದಲ ಟೂರ್ನಮೆಂಟ್‌ಗೆ ಹೋದರೆ ಸಂಘಟಕರು ಎಂಟೂ ತಂಡಕ್ಕೆ ಅವರದೇ ಟೀ ಶರ್ಟ್ ಹಂಚಿದರು. ಅವರ ದೊಡ್ಡ ಪ್ರಾಯೋಜಕರ ಹೆಸರು ಎದೆ ತುಂಬಾ. ಅದನ್ನು ಹಾಕದಿದ್ದರೆ ಆಡಲು ಬಿಡಲ್ಲ ಅಂದರು. ನಮ್ಮ ಜರ್ಸಿ ಬ್ಯಾಗಿನಲ್ಲೇ ಉಳಿಯಿತು. ಫೈನಲ್ ಬೇರೆ ತಲುಪಿದ್ದೆವು. ಪೇಪರ್‌ನಲ್ಲಿ ಫೋಟೋ ಬಂತು. ಅದರಲ್ಲಿ ಬೇರೆ ಮೊಬೈಲ್ ಅಂಗಡಿಯ ಹೆಸರು! ನಮಗೆ ಹಣ ಕೊಟ್ಟವರು ಆ ಪೇಪರ್ ಕಟಿಂಗ್ ಕೈಯಲ್ಲಿ ಹಿಡಿದುಕೊಂಡು ಮೈದಾನಕ್ಕೆ ಬಂದಿದ್ದರು. ಆ ದಿನ ನಾನು ಮುಖ ತೋರಿಸಲಿಲ್ಲ.

ಸ್ಕೋರ್ ಬುಕ್

ಅಯ್ಯೋ. ನಾವು ಆಡೋ ಟೂರ್ನಮೆಂಟ್‌ಗಳಲ್ಲೂ ಕೆಲವರು ಟೀ ಶರ್ಟ್ ಕೊಡುತ್ತಾರೆ. ಇದು ನನ್ನ ತಲೆಗೇ ಬಂದಿರಲಿಲ್ಲ.

ಗಂಜ್ ಕಾಕಾ

ಅದಕ್ಕೇ "ಎಲ್ಲಾ ಪಂದ್ಯ" ಅಂತ ಬರೆಯಬಾರದು. ಪ್ರವೇಶ ಶುಲ್ಕ ಕಟ್ಟುವ ಮೊದಲು ಸಂಘಟಕರಿಗೆ ಫೋನ್ ಮಾಡಿ ಕೇಳು, ಟೀ ಶರ್ಟ್ ನಿಮ್ಮದಾ ನಮ್ಮದಾ ಅಂತ. ನಮ್ಮದೇ ಹಾಕಬಹುದು ಅಂದ ಟೂರ್ನಮೆಂಟ್ ಹೆಸರು ಮಾತ್ರ ಪತ್ರದಲ್ಲಿ ಬರೆ. ನಾಲ್ಕೇ ಇದ್ದರೂ ಸರಿ. ನಾಲ್ಕು ಗಟ್ಟಿ ಇರಲಿ.

ಬಣ್ಣದ ಮಷೀನ್

ಸ್ಟೇಷನ್ ರೋಡ್ ಕಡೆ ಜರ್ಸಿ ಪ್ರಿಂಟಿಂಗ್ ನನ್ನ ಕೆಲಸ. ಪತ್ರದಲ್ಲಿ "ಎದೆಯ ಮೇಲೆ ಲೋಗೋ" ಅಂತ ಒಂದೇ ಮಾತಿದೆ. ಎದೆ ಎಲ್ಲರೂ ಕೇಳುತ್ತಾರೆ, ಆದರೆ ಕ್ರಿಕೆಟ್‌ನಲ್ಲಿ ಎದೆ ಕಾಣುವುದು ಕಡಿಮೆ. ಹಳ್ಳಿ ಟೂರ್ನಮೆಂಟ್‌ಗಳಲ್ಲಿ ಈಗ ಯೂಟ್ಯೂಬ್ ಲೈವ್ ಹುಡುಗರು ಇರುತ್ತಾರೆ ಅಲ್ವಾ? ಕ್ಯಾಮೆರಾ ಎಲ್ಲಿ ಇಡುತ್ತಾರೆ? ಬೌಲರ್ ಹಿಂದೆ, ನೇರಕ್ಕೆ. ಅಂದರೆ ಪ್ರತಿ ಬಾಲ್‌ಗೂ ಪರದೆ ಮೇಲೆ ದೊಡ್ಡದಾಗಿ ಕಾಣುವುದು ಬೌಲರ್‌ನ ಬೆನ್ನು. ಎದುರಿಗೆ ಬ್ಯಾಟ್ಸ್‌ಮನ್ ಅಡ್ಡಡ್ಡ ನಿಂತಿರುತ್ತಾನೆ. ಬಲಗೈ ಆಟಗಾರನಾದರೆ ಎಡತೋಳು ಕ್ಯಾಮೆರಾ ಕಡೆ ಇರುತ್ತದೆ. ಅವನ ಎದೆ ಪಾಯಿಂಟ್ ಕಡೆ ನೋಡುತ್ತಿರುತ್ತದೆ.

ಐಪಿಎಲ್‌ನಲ್ಲಿ ಆ ತೋಳನ್ನೇ "ಲೀಡಿಂಗ್ ಆರ್ಮ್" ಅಂತ ಬೇರೆಯಾಗಿ ಮಾರುತ್ತಾರೆ. ಎಡಗೈ ಆಟಗಾರನಿಗೆ ಅದು ಬಲತೋಳಿಗೆ ಹೋಗುತ್ತದೆ. ನಿಮಗೆ ಅಷ್ಟು ಲೆಕ್ಕ ಬೇಡ, ಎರಡೂ ತೋಳಿಗೆ ಹಾಕಿ. ಸಬ್ಲಿಮೇಷನ್‌ನಲ್ಲಿ ಇಡೀ ಬಟ್ಟೆ ಒಟ್ಟಿಗೇ ಪ್ರಿಂಟ್ ಆಗುತ್ತದೆ, ತೋಳಿಗೆ ಬೇರೆ ದುಡ್ಡು ಇಲ್ಲ.

ನನ್ನ ಸಲಹೆ ಇಷ್ಟು. ಬೆನ್ನಿನ ಮೇಲ್ಭಾಗದಲ್ಲಿ, ನಂಬರಿನ ಮೇಲೆ, ಹತ್ತು ಇಂಚು ಅಗಲದಲ್ಲಿ ಅಂಗಡಿ ಹೆಸರು. ನಂಬರಿನ ಕೆಳಗೆ ಹಾಕಿದರೆ ಶರ್ಟ್ ಒಳಗೆ ಸಿಕ್ಕಿಸಿದ ಕೂಡಲೇ ಮಾಯ. ಎರಡು ತೋಳಿಗೆ ಮೂರು ಇಂಚಿನ ಲೋಗೋ. ಎದೆಗೂ ಹಾಕಿ, ಆದರೆ ಅದು ಟ್ರೋಫಿ ಹಿಡಿದ ಫೋಟೋಗೆ. ಆಟಗಾರನ ಹೆಸರು ಬೆನ್ನ ಮೇಲೆ ಬೇಡ. ಜಾಗ ಸಾಲಲ್ಲ.

ಆಲ್‌ರೌಂಡರ್ 07

ಹೆಸರು ಇಲ್ಲದೆ ಜರ್ಸಿನಾ? ಹುಡುಗರು ಆಡೋದೇ ಬೆನ್ನ ಮೇಲಿನ ಹೆಸರಿಗೆ!

ಬಣ್ಣದ ಮಷೀನ್

ಹಾಗಾದರೆ ದುಡ್ಡೂ ಹುಡುಗರೇ ಹಾಕಲಿ. ತಮಾಷೆ ಬಿಡಿ, ಹೆಸರನ್ನು ನಂಬರ್ ಕೆಳಗೆ ಸಣ್ಣದಾಗಿ ಹಾಕಿ ಕೊಟ್ಟಿದ್ದೇನೆ ಕೆಲವರಿಗೆ. ಮುಚ್ಚಿ ಹೋದರೆ ಹೆಸರು ಹೋಗಲಿ, ಅಂಗಡಿ ಉಳಿಯಲಿ.

ಭೀಮಾ ತೀರ

ಯಾದಗಿರಿಯಲ್ಲಿ ನನ್ನದು ಮಕ್ಕಳ ಬಟ್ಟೆ ಅಂಗಡಿ. ಹೋದ ವರ್ಷ ಓಣಿ ಹುಡುಗರ ತಂಡಕ್ಕೆ 12,000 ಕೊಟ್ಟೆ. ಜರ್ಸಿ ಚೆನ್ನಾಗಿತ್ತು, ಲೋಗೋನೂ ಚೆನ್ನಾಗಿ ಬಂದಿತ್ತು. ಹುಡುಗರು ಒಳ್ಳೆಯವರು, ಫೋಟೋನೂ ಕಳಿಸಿದರು. ಆದರೆ ಮ್ಯಾಚ್ ನೋಡಲು ಬಂದವರು ಎಲ್ಲಾ ಹದಿನೆಂಟು, ಇಪ್ಪತ್ತು ವಯಸ್ಸಿನ ಹುಡುಗರು. ಅವರು ಯಾರೂ ಮಗುವಿನ ಫ್ರಾಕ್ ಕೊಳ್ಳುವವರಲ್ಲ. ಒಬ್ಬ ಗಿರಾಕಿಯೂ "ಜರ್ಸಿ ನೋಡಿ ಬಂದೆ" ಅನ್ನಲಿಲ್ಲ. ಈ ವರ್ಷ ಅದೇ ದುಡ್ಡನ್ನು ಅಂಗನವಾಡಿ ಮಕ್ಕಳ ಕಾರ್ಯಕ್ರಮಕ್ಕೆ ಕೊಟ್ಟೆ. ತಾಯಂದಿರು ಬಂದಿದ್ದರು.

ತಪ್ಪು ಹುಡುಗರದಲ್ಲ. ಅವರು ಸರಿಯಾದ ಅಂಗಡಿಗೆ ಹೋಗಲಿಲ್ಲ, ನಾನೂ ಯೋಚಿಸಲಿಲ್ಲ. ನಿಮ್ಮ ಪೈಪಿನ ಅಂಗಡಿ ವಿಷಯ ಬೇರೆ ಅನ್ನಿಸುತ್ತೆ ನನಗೆ.

ಗಂಜ್ ಕಾಕಾ

ಅಕ್ಕ ಹೇಳಿದ್ದು ಸರಿಯಾದ ಮಾತು. ತಮ್ಮಾ, ನಿನ್ನ ಉತ್ತರ ಇಲ್ಲೇ ಇದೆ ನೋಡು. ತೊಗರಿ ಮಾರಿದ ಮೇಲೆ ರೈತನ ಕೈಯಲ್ಲಿ ರೊಕ್ಕ ಬರುತ್ತದೆ. ಅದೇ ಹೊತ್ತಿಗೆ, ಜನವರಿ ಫೆಬ್ರವರಿ ಮಾರ್ಚ್, ಬೋರ್ ಹಾಕಿಸುವುದು, ಮೋಟಾರು ಇಳಿಸುವುದು, ಪೈಪು ಎಳೆಯುವುದು ಶುರು. ನೀವು ಆಡುವುದೂ ಅದೇ ಮೂರು ತಿಂಗಳು, ಅದೇ ಹಳ್ಳಿಗಳಲ್ಲಿ. ಮೈದಾನದ ಸುತ್ತ ಟ್ರ್ಯಾಕ್ಟರ್ ಮೇಲೆ ಕೂತು ಮ್ಯಾಚ್ ನೋಡುವವನೇ ಆ ಅಂಗಡಿಯ ಗಿರಾಕಿ. ಇದನ್ನು ಬರೆ. "ಸಾವಿರಾರು ಜನ" ತೆಗೆದು ಹಾಕು. ಯಾವ ಊರು, ಯಾವ ವಾರ, ಯಾರು ನೋಡಲಿಕ್ಕೆ ಬರುತ್ತಾರೆ, ಅಷ್ಟು ಸಾಕು.

ಗೋಡೆಗೆ ನಿನ್ನ ಹತ್ತಿರ ಇರುವ ಉತ್ತರ ಅದೊಂದೇ. ಗೋಡೆ ವರ್ಷಪೂರ್ತಿ ಇರುತ್ತದೆ, ನಿಜ. ಆದರೆ ಜನ ಅದನ್ನು ನೋಡಿ ನೋಡಿ ನೋಡದೇ ಬಿಟ್ಟಿರುತ್ತಾರೆ. ಹಾಗಂತ ಗೋಡೆಯನ್ನು ಬೈದು ಬರೆಯಬೇಡ. ಆ ಸಾವ್ಕಾರ ಈಗಾಗಲೇ ಗೋಡೆ ಬರೆಸಿರುತ್ತಾನೆ.

ಸ್ಕೋರ್ ಬುಕ್

50,000 ಜಾಸ್ತಿ ಆಯ್ತಾ ಕಾಕಾ? ನಿಜ ಹೇಳಬೇಕು ಅಂದರೆ, ಕೇಳುವುದು ಕೇಳೋಣ, ಚೌಕಾಸಿ ಮಾಡುತ್ತಾರೆ ಅಂತ ಹಾಕಿದ್ದು.

ಗಂಜ್ ಕಾಕಾ

ಆ ಪ್ಲಾಟಿನಂ, ಗೋಲ್ಡ್ ಇಂಟರ್ನೆಟ್‌ನಿಂದ ಎತ್ತಿದ್ದು ಅಂತ ಕಾಣುತ್ತದೆ. ಮೂರು ರೇಟ್ ಕೊಟ್ಟರೆ ಯಾವನಾದರೂ ಕೆಳಗಿನದೇ ತೋರಿಸುತ್ತಾನೆ. ಒಂದೇ ರೇಟ್ ಹಾಕು. ಅದು ಯಾಕೆ ಅಷ್ಟು ಅಂತ ಕೆಳಗೆ ಲೆಕ್ಕ ಬರೆ. ನಾನು ಸಿಮೆಂಟ್ ಕೊಳ್ಳುವಾಗಲೂ ಲೆಕ್ಕ ಕೇಳುತ್ತೇನೆ.

ಸ್ಕೋರ್ ಬುಕ್

ರಾತ್ರಿ ಕೂತು ಲೆಕ್ಕ ಹಾಕಿದೆ. ಜರ್ಸಿಗೆ ನಮಗೆ ಸಿಕ್ಕ ರೇಟ್ 380. ಒಬ್ಬೊಬ್ಬರಿಗೆ ಎರಡು ಬೇಕು. ಎರಡು ದಿನದ ಟೂರ್ನಮೆಂಟ್‌ನಲ್ಲಿ ಬೆವರಿನ ಜರ್ಸಿ ಮರುದಿನ ಹಾಕಲು ಆಗಲ್ಲ, ಹುಡುಗರು ಬೇರೆ ಟೀ ಶರ್ಟ್ ಹಾಕಿಬಿಡುತ್ತಾರೆ. ಹಾಗಾಗಿ 36 ಜರ್ಸಿ, 13,680. ಟೋಪಿ ತಲಾ 90 ರಂತೆ 18ಕ್ಕೆ 1,620. ನಾಲ್ಕು ಟೂರ್ನಮೆಂಟ್ ಪ್ರವೇಶ ಶುಲ್ಕ ಸರಾಸರಿ 2,500, ಅಂದರೆ 10,000. ಒಟ್ಟು 25,300. ಪ್ಯಾಂಟ್, ಗಾಡಿ ಬಾಡಿಗೆ, ಊಟ ನಮ್ಮದು. ಅಂದರೆ 25,000 ಕೇಳಿದರೆ ಸಾಕು. ಮೊದಲು ಯಾಕೆ 50,000 ಬರೆದೆ ಅಂತ ನನಗೇ ನಗು ಬಂತು.

ಬೀದರ್ ಕೋಟೆ

ಎರಡು ಜೊತೆ ಜರ್ಸಿ ಅನ್ನುವುದು ಒಳ್ಳೆ ಯೋಚನೆ. ನಮ್ಮ ಹುಡುಗರು ಎರಡನೇ ದಿನ ಐಪಿಎಲ್ ಜರ್ಸಿ ಹಾಕಿಕೊಂಡು ಬರುತ್ತಿದ್ದರು.

ಬಣ್ಣದ ಮಷೀನ್

380 ಸರಿಯಾದ ರೇಟ್. ಆದರೆ ಪಾಲಿಯೆಸ್ಟರ್ ಬಟ್ಟೆ, ಸಬ್ಲಿಮೇಷನ್ ಅಂತ ಖಾತ್ರಿ ಮಾಡಿಕೊಳ್ಳಿ. ಕೆಲವರು ಅದೇ ರೇಟಿಗೆ ರೆಡಿ ಟೀ ಶರ್ಟ್ ಮೇಲೆ ಸ್ಟಿಕ್ಕರ್ ಒತ್ತಿ ಕೊಡುತ್ತಾರೆ. ಹೇಗೆ ಗೊತ್ತಾಗುತ್ತೆ ಅಂದರೆ, ಲೋಗೋ ಮೇಲೆ ಉಗುರು ಆಡಿಸಿ. ಅಂಚು ಕೈಗೆ ಸಿಕ್ಕಿದರೆ ಅದು ಸ್ಟಿಕ್ಕರ್. ನಮ್ಮ ಬಿಸಿಲು, ಬೆವರು, ಕಲ್ಲಿನ ಮೇಲೆ ಒಗೆಯುವುದು, ಎಲ್ಲಾ ಸೇರಿ ನಾಲ್ಕೈದು ಒಗೆತಕ್ಕೆ ಬಿರುಕು ಬಿಡುತ್ತದೆ. ಅರ್ಧ ಕಿತ್ತು ಹೋದ ಅಂಗಡಿ ಹೆಸರಿಗಿಂತ ಹೆಸರೇ ಇಲ್ಲದಿರುವುದು ವಾಸಿ. ಸಬ್ಲಿಮೇಷನ್ ಆದರೆ ಬಣ್ಣ ನೂಲಿನೊಳಗೆ ಹೋಗಿರುತ್ತದೆ, ಕೈಗೆ ಏನೂ ಸಿಗಲ್ಲ.

ಆಲ್‌ರೌಂಡರ್ 07

ಎಲ್ಲರೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದೀರಿ. ನಮ್ಮ ವಾರ್ಡಿನ ಒಬ್ಬ ಲೀಡರ್ ಇದ್ದಾರೆ. ಬೆನ್ನ ಮೇಲೆ ಅವರ ಫೋಟೋ ಹಾಕಿದರೆ ಪೂರ್ತಿ ಕಿಟ್ ಕೊಡಿಸುತ್ತಾರೆ. ಪತ್ರವೂ ಬೇಡ, ಲೆಕ್ಕವೂ ಬೇಡ. ಕೇಳಲಾ?

ಸ್ಕೋರ್ ಬುಕ್

ಇದು ನಮ್ಮ ಕ್ಲಬ್‌ನಲ್ಲೂ ಬಂದ ಮಾತು. ಆರು ಜನ ಹೂಂ ಅಂದರು, ಆರು ಜನ ಬೇಡ ಅಂದರು, ಆರು ಜನ ಪ್ಯಾಂಟ್ ಕೊಡುತ್ತಾರಾ ಅಂತ ಕೇಳಿದರು.

ಲೆಕ್ಕದವ

ಚುನಾವಣೆ ಹತ್ತಿರ ಬಂದಾಗ ಫೋಟೋ ಇರುವ ಜರ್ಸಿ ತಲೆನೋವು. ಅಭ್ಯರ್ಥಿ ಹಂಚಿದ ಸಾಮಾನು ಅಂತ ಪ್ರಶ್ನೆ ಬರುತ್ತದೆ. ನೀತಿ ಸಂಹಿತೆ ಜಾರಿಯಲ್ಲಿದ್ದಾಗ ಅದನ್ನು ಹಾಕಿಕೊಂಡು ಮೈದಾನಕ್ಕೆ ಇಳಿಯುವುದು ನಿಮಗೇ ಕಷ್ಟ.

ಬೀದರ್ ಕೋಟೆ

ಸರ್, ನಮ್ಮ ಕಡೆ ಅರ್ಧ ತಂಡಗಳು ಹಾಗೇ ನಡೆಯುತ್ತಿವೆ. ಚುನಾವಣೆ ಇಲ್ಲದ ವರ್ಷ ಯಾರೂ ಕೇಳಲ್ಲ. ನಾನು ತಪ್ಪು ಅನ್ನಲ್ಲ.

ಗಂಜ್ ಕಾಕಾ

ಒಂದು ತಂಡ ಒಬ್ಬ ಲೀಡರ್‌ನದು ಆಯ್ತು ಅಂದರೆ ವ್ಯಾಪಾರಿ ಯಾರೂ ಆ ತಂಡದ ಹತ್ತಿರ ಬರಲ್ಲ. ನನ್ನ ಅಂಗಡಿಗೆ ಎಲ್ಲಾ ಪಕ್ಷದವರೂ ಮೊಳೆ ಕೊಳ್ಳಲಿಕ್ಕೆ ಬರುತ್ತಾರೆ. ಇದರ ಮೇಲೆ ನಾನು ಹೆಚ್ಚು ಹೇಳಲ್ಲ. ನಿಮ್ಮ ನಿಮ್ಮಲ್ಲಿ ಬಗೆಹರಿಸಿಕೊಳ್ಳಿ.

ಆದರೆ ಒಂದು ಒಳಗಿನ ಮಾತು ಹೇಳುತ್ತೇನೆ. ಮೋಟಾರು, ಪೈಪು ಅಂಗಡಿಯವರು ಯಾವುದಾದರೂ ಕಂಪನಿಯ ಡೀಲರ್ ಆಗಿರುತ್ತಾರೆ. ಕೆಲವು ಕಂಪನಿಗಳು ಡೀಲರ್ ಮಾಡಿದ ಜಾಹೀರಾತಿನಲ್ಲಿ ಒಂದು ಪಾಲು ತಿರುಗಿ ಕೊಡುತ್ತವೆ. ನನಗೂ ಬಣ್ಣದ ಕಂಪನಿಯಿಂದ ಬಂದಿದೆ. ಅದಕ್ಕೆ ಬಿಲ್ ಬೇಕು, ತಾರೀಖು ಇರುವ ಫೋಟೋ ಬೇಕು, ಮತ್ತು ಮೊದಲೇ ಅವರ ಸೇಲ್ಸ್‌ನವನ ಒಪ್ಪಿಗೆ ಬೇಕು. ಹಣ ಖರ್ಚಾದ ಮೇಲೆ ಕೇಳಿದರೆ ಕೊಡಲ್ಲ. ನಿನ್ನ ಪತ್ರದಲ್ಲಿ "ಬಿಲ್ ಮತ್ತು ಪ್ರತಿ ಟೂರ್ನಮೆಂಟ್‌ನ ಫೋಟೋ ಕೊಡುತ್ತೇವೆ" ಅಂತ ಇದ್ದರೆ ಸಾವ್ಕಾರನ ತಲೆಯಲ್ಲಿ ಆ ಲೆಕ್ಕ ತಾನಾಗೇ ಓಡುತ್ತದೆ. ಕಂಪನಿಯ ಲೋಗೋ ಮಾತ್ರ ನೀನಾಗಿಯೇ ಜರ್ಸಿ ಮೇಲೆ ಹಾಕಬೇಡ. ಅದನ್ನು ಅವನೇ ಕೇಳಿ ತಂದುಕೊಡಲಿ.

ಸ್ಕೋರ್ ಬುಕ್

ಎಲ್ಲರ ಮಾತು ಸೇರಿಸಿ ಮತ್ತೆ ಬರೆದೆ. ಒಂದೇ ಪುಟ. ನೋಡಿ ಹೇಳಿ.

"ಮಾನ್ಯರೇ,

ವಿಷಯ: ಜನವರಿಯಿಂದ ಮಾರ್ಚ್‌ವರೆಗೆ ನಮ್ಮ ತಂಡದ ಜರ್ಸಿ ಮೇಲೆ ನಿಮ್ಮ ಅಂಗಡಿಯ ಜಾಹೀರಾತು.

ನಾವು ಕಲಬುರಗಿಯ ಹದಿನೆಂಟು ಆಟಗಾರರ ಕ್ರಿಕೆಟ್ ಕ್ಲಬ್. ತೊಗರಿ ರಾಶಿ ಮುಗಿದ ನಂತರ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕಿನ ಹಳ್ಳಿಗಳಲ್ಲಿ ನಡೆಯುವ ನಾಲ್ಕು ಟೂರ್ನಮೆಂಟ್‌ಗಳಲ್ಲಿ ಆಡುತ್ತೇವೆ. ಊರಿನ ಹೆಸರು ಮತ್ತು ದಿನಾಂಕ ಕೆಳಗಿವೆ. ಈ ನಾಲ್ಕರಲ್ಲೂ ತಂಡದ ಸ್ವಂತ ಜರ್ಸಿ ಹಾಕಲು ಅವಕಾಶವಿದೆ ಎಂದು ಸಂಘಟಕರನ್ನು ಕೇಳಿ ಖಚಿತ ಮಾಡಿಕೊಂಡಿದ್ದೇವೆ. ಪಂದ್ಯ ನೋಡಲು ಬರುವವರಲ್ಲಿ ಹೆಚ್ಚಿನವರು ಸುತ್ತಲಿನ ರೈತ ಕುಟುಂಬದವರು. ಬೋರ್‌ವೆಲ್, ಮೋಟಾರು, ಪೈಪಿನ ಕೆಲಸ ಶುರುವಾಗುವುದೂ ಇದೇ ಹೊತ್ತಿಗೆ.

ನಿಮ್ಮ ಅಂಗಡಿಯ ಹೆಸರು ಬೆನ್ನಿನ ಮೇಲ್ಭಾಗದಲ್ಲಿ ಹತ್ತು ಇಂಚು ಅಗಲದಲ್ಲಿ ಇರುತ್ತದೆ. ಎರಡೂ ತೋಳಿನ ಮೇಲೆ ಮತ್ತು ಎದೆಯ ಮೇಲೆ ಲೋಗೋ ಇರುತ್ತದೆ. ಈ ಮೂರು ತಿಂಗಳಲ್ಲಿ ಬೇರೆ ಯಾವ ಅಂಗಡಿಯ ಹೆಸರೂ ನಮ್ಮ ಜರ್ಸಿ ಮೇಲೆ ಇರುವುದಿಲ್ಲ. ಪ್ರಿಂಟ್ ಮಾಡುವ ಮೊದಲು ಒಂದು ಮಾದರಿ ಜರ್ಸಿ ತಂದು ತೋರಿಸುತ್ತೇವೆ. ನೀವು ಸಹಿ ಮಾಡಿದ ಮೇಲೆ ಉಳಿದವು ಪ್ರಿಂಟ್ ಆಗುತ್ತವೆ.

ಇದಕ್ಕೆ ನಾವು ಕೇಳುವುದು ರೂ. 25,000. ಜರ್ಸಿ, ಟೋಪಿ ಮತ್ತು ಪ್ರವೇಶ ಶುಲ್ಕದ ಲೆಕ್ಕ ಹಿಂಬದಿಯಲ್ಲಿದೆ. ಜರ್ಸಿ ಆರ್ಡರ್ ಮಾಡುವಾಗ 15,000, ಎರಡನೇ ಟೂರ್ನಮೆಂಟ್ ಮುಗಿದು ಫೋಟೋ ಕೊಟ್ಟ ಮೇಲೆ 10,000. ಹಣ ಕ್ಲಬ್ ಹೆಸರಿನ ಬ್ಯಾಂಕ್ ಖಾತೆಗೆ. ಜಾಹೀರಾತಿಗಾಗಿ ಎಂದು ಬಿಲ್ ಕೊಡುತ್ತೇವೆ. ಯಾವುದಾದರೂ ಟೂರ್ನಮೆಂಟ್ ರದ್ದಾದರೆ ಅದರ ಬದಲು ಇನ್ನೊಂದರಲ್ಲಿ ಆಡುತ್ತೇವೆ. ಅದೂ ಆಗದಿದ್ದರೆ 2,500 ರೂಪಾಯಿ ಹಿಂದಿರುಗಿಸುತ್ತೇವೆ."

ಗಂಜ್ ಕಾಕಾ

ಈಗ ಪತ್ರ ಆಯಿತು. ಒಂದೇ ಮಾತು. "ಬೇರೆ ಯಾವ ಅಂಗಡಿಯ ಹೆಸರೂ ಇರುವುದಿಲ್ಲ" ಅಂತ ಬರೆದಿದ್ದೀಯ. ಅದನ್ನು 25,000ಕ್ಕೆ ಕೊಡುವುದು ಅಗ್ಗ. "ಇದೇ ವ್ಯಾಪಾರದ ಬೇರೆ ಅಂಗಡಿ ಇರುವುದಿಲ್ಲ" ಅಂತ ಬರೆದರೆ ನಾಳೆ ಹೋಟೆಲ್‌ನವರನ್ನು ತೋಳಿಗೆ ಕೇಳಬಹುದು.

ಭೀಮಾ ತೀರ

ನನಗೆ ಹಾಗೆ ಅನ್ನಿಸಲ್ಲ ಕಾಕಾ. ದುಡ್ಡು ಕೊಟ್ಟವಳಾಗಿ ಹೇಳುತ್ತೇನೆ, ಪಕ್ಕದಲ್ಲಿ ಇನ್ನೊಂದು ಹೆಸರು ಬಂದರೆ ನನ್ನದು ಯಾರೂ ಓದಲ್ಲ. ಮೊದಲ ವರ್ಷ ಒಬ್ಬರೇ ಇರಲಿ. ಮುಂದಿನ ವರ್ಷ ಅವರೇ ಮತ್ತೆ ಕೊಡಬೇಕು ಅಂದರೆ ಈ ವರ್ಷ ಅವರಿಗೆ ತೃಪ್ತಿ ಆಗಬೇಕಲ್ಲ?

ಗಂಜ್ ಕಾಕಾ

ಅದೂ ಒಂದು ಲೆಕ್ಕ. ನಾನಾಗಿದ್ದರೆ ಮಾರುತ್ತಿದ್ದೆ.

ಸ್ಕೋರ್ ಬುಕ್

ಕೊಟ್ಟು ಬಂದೆ. ಬಿಸಿ ಬಿಸಿ ವರದಿ.

ಸಾವ್ಕಾರ್ರು ಗಿರಾಕಿಯ ನಡುವೆ ಇದ್ದರು. ಪತ್ರವನ್ನು ಗಲ್ಲಾ ಕೆಳಗೆ ಇಡಲಿಲ್ಲ, ಅಲ್ಲೇ ಓದಿದರು. ಊರಿನ ಹೆಸರುಗಳ ಮೇಲೆ ಬೆರಳು ಇಟ್ಟು "ಈ ಊರಾಗ ನಮ್ಮ ಹಳೇ ಗಿರಾಕಿ ಅದಾರ" ಅಂದರು. ಇನ್ನೊಂದು ಊರು ತೋರಿಸಿ, ಅಲ್ಲಿ ಅವರ ಪೈಪು ಹೋಗಲ್ಲ, ಬೇರೆ ಅಂಗಡಿಯವರ ಕೈಯಲ್ಲಿದೆ, ಅಲ್ಲಿ ತಪ್ಪದೇ ಆಡಿ ಅಂದರು. ಸೋಲು, ಗೆಲುವಿನ ಮಾತೇ ತೆಗೆಯಲಿಲ್ಲ. ನಾನು ಹೋದ ವರ್ಷದ ಎರಡು ಟ್ರೋಫಿ ಫೋಟೋ ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ, ಹಾಗೇ ವಾಪಸ್ ಬಂದವು.

ಎರಡು ಷರತ್ತು ಹಾಕಿದ್ದಾರೆ. ಒಂದು, 15,000 ಈಗಲ್ಲ, ಮಾದರಿ ಜರ್ಸಿ ನೋಡಿದ ಮೇಲೆ. ಇನ್ನೊಂದು, ಬೆನ್ನ ಮೇಲೆ ಫೋನ್ ನಂಬರ್ ಬೇಕೇ ಬೇಕಂತೆ. ಫರ್ಮ್ ಪಾಲುದಾರಿಕೆಯದೇ, ತಮ್ಮ ಸೇರಿ ಇಬ್ಬರು. ಜಿಎಸ್‌ಟಿ ವಿಷಯ ಹೇಳಿದೆ, "ನಮ್ಮ ಲೆಕ್ಕದವರನ್ನು ಕೇಳಿ ಹೇಳುತ್ತೇನೆ" ಅಂದರು. ಅದು ಬಾಕಿ ಇದೆ.

ಬಣ್ಣದ ಮಷೀನ್

ಫೋನ್ ನಂಬರ್ ಬೇಡ ಅನ್ನಿ. ಹತ್ತು ಅಂಕಿಯನ್ನು ಹತ್ತು ಇಂಚಿನಲ್ಲಿ ಕೂರಿಸಿದರೆ ಒಂದು ಅಂಕಿಗೆ ಒಂದು ಇಂಚೂ ಸಿಗಲ್ಲ. ಬೌಂಡರಿಯಿಂದ ಇರುವೆ ಸಾಲಿನ ಹಾಗೆ ಕಾಣುತ್ತದೆ. ಮ್ಯಾಚ್ ನೋಡುತ್ತಾ ಯಾರು ಬರೆದುಕೊಳ್ಳುತ್ತಾರೆ? ಅದರ ಬದಲು ಹೆಸರಿನ ಕೆಳಗೆ "ಗಂಜ್, ಕಲಬುರಗಿ" ಅಂತ ದಪ್ಪಕ್ಷರದಲ್ಲಿ ಹಾಕಿ. ಗಂಜ್ ಅಂದರೆ ರೈತನಿಗೆ ದಾರಿ ಹೇಳಬೇಕಾಗಿಲ್ಲ. ಮಾದರಿ ಜರ್ಸಿಯ ಬದಲು ಮೊದಲು ಕಾಗದದ ಮೇಲೆ ನಿಜವಾದ ಅಳತೆಯಲ್ಲಿ ಎರಡೂ ರೀತಿ ಪ್ರಿಂಟ್ ತೆಗೆದುಕೊಡುತ್ತೇನೆ. ಅಂಗಡಿ ಎದುರಿನ ರಸ್ತೆಯ ಆ ಕಡೆ ಹಿಡಿದು ನಿಂತುಕೊಳ್ಳಿ. ಅವರೇ ನೋಡಿ ಹೇಳಲಿ.

ಲೋಗೋ ಫೈಲ್ ಸಿಕ್ಕಿತಾ? ವಾಟ್ಸಾಪ್‌ನಲ್ಲಿ ಫೋಟೋ ಮಾಡಿ ಕಳಿಸಬೇಡಿ, ಕುಗ್ಗಿ ಮಂಜಾಗುತ್ತದೆ. ಹಿಂದೆ ಬಿಳಿ ಚೌಕ ಬೇರೆ ಬರುತ್ತದೆ, ಜರ್ಸಿಗೆ ಚೀಟಿ ಅಂಟಿಸಿದ ಹಾಗೆ. ಕೋರೆಲ್‌ನ ಮೂಲ ಫೈಲ್ ಬೇಕು. ಕನ್ನಡ ಅಕ್ಷರ ಇದ್ದರೆ ಕರ್ವ್ ಮಾಡಿಸಿ ತನ್ನಿ, ಅಂದರೆ ಅಕ್ಷರವನ್ನು ಚಿತ್ರದ ಗೆರೆಯಾಗಿ ಬದಲಿಸಿ. ಹಳೇ ನುಡಿ ಫಾಂಟ್‌ನಲ್ಲಿ ಬರೆದಿದ್ದು, ನನ್ನ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಅಂಗಡಿ ಹೆಸರು ಹೋಗಿ ಇಂಗ್ಲಿಷ್ ಅಕ್ಷರ, ಚಿಹ್ನೆ ಎಲ್ಲಾ ಕಲಸಿ ಬರುತ್ತದೆ.

ಸ್ಕೋರ್ ಬುಕ್

ಫೈಲ್ ಕೇಳಿದೆ. ಸಾವ್ಕಾರ್ರು ಬಿಲ್ ಬುಕ್ ಹರಿದು ಒಂದು ಹಾಳೆ ಕೈಗೆ ಕೊಟ್ಟರು. "ಇದೇ ಲೋಗೋ" ಅಂದರು. ಬೋರ್ಡು ಬರೆದ ಪೇಂಟರ್ ಈಗ ಇಲ್ಲವಂತೆ.

ಬಣ್ಣದ ಮಷೀನ್

ಆ ಹಾಳೆಯ ಕೆಳಗಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಪ್ರೆಸ್ ಹೆಸರು ಇರುತ್ತದೆ ನೋಡಿ. ಬಿಲ್ ಬುಕ್ ಪ್ರಿಂಟ್ ಮಾಡಿದವರ ಹತ್ತಿರ ಫೈಲ್ ಇದ್ದೇ ಇರುತ್ತದೆ. ಅವರ ಹತ್ತಿರ ಹೋಗಿ.

ಡಿಸೈನ್ ಅಡ್ಡಾ

ಇಲ್ಲದಿದ್ದರೆ ನಾನು ಆ ಹಾಳೆ ನೋಡಿ ಹೊಸದಾಗಿ ಎಳೆದು ಕೊಡುತ್ತೇನೆ ಬ್ರೋ. ಮೊದಲೇ ಹೇಳಿದ್ದೆ. 500.

ಸ್ಕೋರ್ ಬುಕ್

ಅಣ್ಣಾ, ಪ್ರೆಸ್ ಬಾಗಿಲು ಹಾಕಿದೆ, ನಾಳೆ ಅಮಾವಾಸ್ಯೆ ಅಂತ ಬುಧವಾರ ತೆರೆಯುತ್ತಾರಂತೆ. ಬುಧವಾರ ಸಿಗದಿದ್ದರೆ ನಿಮಗೇ ಫೋನ್ ಮಾಡುತ್ತೇನೆ. 300 ಮಾಡಿಕೊಳ್ಳಿ.